ಅರವತ್ತು ತುಂಬಿದ್ದು ಯಾವತ್ತು? YEARFRAC ಮತ್ತು ಬೇಸಿಸ್

ಪೇರೆಂಟ್ಸ್ ಕವರ್ ಇನ್ಶೂರೆನ್ಸ್ ರಿನ್ಯೂವಲ್ ಇತ್ತು. ಪಾಲಿಸಿ ಶುರುವಾಗುವ ದಿನ 2024ರ ಜೂನ್ 1. ಅವತ್ತಿಗೆ 60 ತುಂಬಿದವರಿಗೆ ಪ್ರೀಮಿಯಂ ಸ್ಲ್ಯಾಬ್ ಬೇರೆ. ಸಂಜೆಯೊಳಗೆ ಲಿಸ್ಟ್ ಓಕೆ ಮಾಡಬೇಕು, ಆದರೆ ನಮ್ಮ ಲಿಸ್ಟಿಗೂ ಬ್ರೋಕರ್ ಲಿಸ್ಟಿಗೂ ತಾಳೆಯಾಗುತ್ತಿಲ್ಲ. ನಮ್ಮ ಹಳೇ ಎಕ್ಸೆಲ್ ಟೆಂಪ್ಲೇಟಿನಲ್ಲಿ ವಯಸ್ಸಿನ ಲೆಕ್ಕಕ್ಕೆ ಇದ್ದದ್ದು ಇದು, B2ರಲ್ಲಿ ಹುಟ್ಟಿದ ದಿನ, E1ರಲ್ಲಿ ಪಾಲಿಸಿ ದಿನ:

```
=INT(YEARFRAC(B2,$E$1,3))
```

"ಸರ್, ಇವರದು ಜೂನ್ 10, 1964. 60 ತುಂಬೋಕೆ ಇನ್ನೂ ಒಂಬತ್ತು ದಿನ ಇದೆ, ಶೀಟ್ ಆಗಲೇ 60 ಅಂತಿದೆ" ಎಂದು ಜೊತೆಯವಳು ತೋರಿಸಿದಳು. YEARFRAC ಎರಡು ದಿನಾಂಕಗಳ ನಡುವೆ ಎಷ್ಟು ವರ್ಷ ಅಂತ ದಶಮಾಂಶದಲ್ಲಿ ಕೊಡುತ್ತದೆ, ದಿನ ಹೇಗೆ ಎಣಿಸಬೇಕು ಅಂತ ಹೇಳುವ ಕೊನೆಯ ಅಂಕಿಯೇ ಬೇಸಿಸ್. ಬೇಸಿಸ್ 3 ಅಂದರೆ ಒಟ್ಟು ದಿನಗಳನ್ನು ಸೀದಾ 365ರಿಂದ ಭಾಗಿಸುವುದು. ಅವರು ಬದುಕಿದ್ದು 21906 ದಿನ, ಭಾಗಿಸಿದರೆ 60.016. ಅಧಿಕ ವರ್ಷದ ದಿನಗಳೆಲ್ಲ ಸೇರಿಕೊಂಡು 60ರ ಹೊತ್ತಿಗೆ ವಯಸ್ಸು ಸುಮಾರು ಹದಿನೈದು ದಿನ ಮುಂದೆ ಓಡಿರುತ್ತದೆ. ಬೇಸಿಸ್ 2 ಇನ್ನೂ ಕೆಟ್ಟದು. ಅದು 360ರಿಂದ ಭಾಗಿಸುವುದರಿಂದ ಹತ್ತು ತಿಂಗಳು ಮೊದಲೇ 60 ಮಾಡಿಬಿಡುತ್ತದೆ.

ಹಾಗಾದರೆ ಬೇಸಿಸ್ 1 ಹಾಕೋಣ, ಅದು ನಿಜವಾದ ದಿನ, ನಿಜವಾದ ವರ್ಷ, ಅಲ್ಲಿಗೆ ಮುಗೀತು ಅಂದುಕೊಂಡೆವು. ಜೂನ್ 10ರವರು ಸರಿಯಾಗಿ 59ಕ್ಕೆ ಬಂದರು. ಆದರೆ 1964ರ ಜೂನ್ 1ರಂದು ಹುಟ್ಟಿದವರೂ 59 ಆಗಿಬಿಟ್ಟರು! ಪಾಲಿಸಿ ದಿನವೇ ಅವರ ಹುಟ್ಟುಹಬ್ಬ. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಎಷ್ಟು ಜನರ ದಾಖಲೆಯಲ್ಲಿದೆ ಅಂತ ಗೊತ್ತಲ್ಲ, ಹಾಗಾಗಿ ಇದು ಯಾರೋ ಒಬ್ಬರ ತೊಂದರೆ ಅಲ್ಲ.

ದಶಮಾಂಶ ತೆರೆದು ನೋಡಿದರೆ 59.998. ಬೇಸಿಸ್ 1 ಭಾಗಿಸುವುದು ಆ ಅವಧಿ ಮುಟ್ಟುವ ಎಲ್ಲ ಕ್ಯಾಲೆಂಡರ್ ವರ್ಷಗಳ ಸರಾಸರಿ ಉದ್ದದಿಂದ. 1964ರಿಂದ 2024ರವರೆಗೆ 61 ವರ್ಷ, ಅದರಲ್ಲಿ 16 ಅಧಿಕ ವರ್ಷ. ಆದರೆ 1964ರ ಫೆಬ್ರವರಿ 29 ಇವರು ಹುಟ್ಟುವ ಮುಂಚೆಯೇ ಕಳೆದುಹೋಗಿತ್ತು. ಸರಾಸರಿಯಲ್ಲಿ ಆ ದಿನ ಇದೆ, ಇವರ 21915 ದಿನಗಳಲ್ಲಿ ಇಲ್ಲ. ಆ ಚೂರು ಕೊರತೆಯನ್ನು INT ಕತ್ತರಿಸಿ ಒಂದಿಡೀ ವರ್ಷ ನುಂಗುತ್ತದೆ. ಪಾಲಿಸಿ ದಿನದ ಬದಲು ಅದರ ಮಾರನೇ ದಿನ ಹಾಕಿದರೆ 60 ಬರುತ್ತದೆ.

ಏನೂ ಹಾಕದೆ ಬಿಟ್ಟರೆ ಬರುವ ಬೇಸಿಸ್ 0 ಇಲ್ಲಿ 60 ಅಂತ ಸರಿಯಾಗೇ ಕೊಟ್ಟಿತು. ಆದರೆ ಅದಕ್ಕೆ ಪ್ರತಿ ತಿಂಗಳೂ 30 ದಿನ. 31ನೇ ತಾರೀಕು ಹುಟ್ಟಿದವರಿಗೆ 30ಕ್ಕೇ ವಯಸ್ಸು ತುಂಬಿಸುತ್ತದೆ. ಇದು ಬಡ್ಡಿ ಲೆಕ್ಕದ ಫಂಕ್ಷನ್, ಹುಟ್ಟುಹಬ್ಬ ಇದಕ್ಕೆ ಗೊತ್ತಿಲ್ಲ.

ಕೊನೆಗೆ ಹಾಕಿದ್ದು, ತುಂಬಿದ ವರ್ಷಗಳನ್ನಷ್ಟೇ ಎಣಿಸುವ DATEDIF:

```
=DATEDIF(B2,$E$1,"Y")
```

ಎಕ್ಸೆಲ್‌ನಲ್ಲಿ ಟೈಪ್ ಮಾಡುವಾಗ ಈ ಹೆಸರು ಪಟ್ಟಿಯಲ್ಲಿ ಕಾಣುವುದಿಲ್ಲ, ಪೂರ್ತಿ ನಾವೇ ಬರೆಯಬೇಕು. ಬೇಕಾದದ್ದನ್ನು ಬಚ್ಚಿಟ್ಟು YEARFRAC ಅನ್ನು ಮುಂದೆ ತೋರಿಸುವುದು ಯಾಕೋ! ಟೆಂಪ್ಲೇಟಿನ ಮೇಲೆ ಈಗ ಮೂರು ಪರೀಕ್ಷೆ ಸಾಲು ಇಟ್ಟಿದ್ದೇವೆ: ಪಾಲಿಸಿ ದಿನವೇ 60 ತುಂಬುವವರು, ಮಾರನೇ ದಿನ ತುಂಬುವವರು, ಫೆಬ್ರವರಿ 29ರವರು. ಈ ಕೊನೆಯವರಿಗೆ ಅಧಿಕವಲ್ಲದ ವರ್ಷದಲ್ಲಿ DATEDIF ಮಾರ್ಚ್ 1ಕ್ಕೆ ವಯಸ್ಸು ತುಂಬಿಸುತ್ತದೆ. ಅದು ಒಪ್ಪಿಗೆಯೇ ಅಂತ ಇನ್ಶೂರೆನ್ಸ್‌ನವರಿಂದ ಮೇಲ್‌ನಲ್ಲಿ ಬರೆಸಿಕೊಂಡೆವು.