ತಿಳಿಯಾದ ಮೀಡಿಯಂ, ನಿಧಾನವಾದ ಕೋಶ: ಎಚ್‌ಇಕೆ-293 ಕಲ್ಚರ್‌ನ ಪ್ರಗತಿ ದಾಖಲೆ

ಉದ್ದೇಶ ಸರಳ. ಮಾನವ ಭ್ರೂಣದ ಮೂತ್ರಪಿಂಡದಿಂದ ಬಂದ ಎಚ್‌ಇಕೆ-293 ಎಂಬ ಒಂದೇ ಕೋಶ ತಳಿಯ, ಹೆಪ್ಪುಗಟ್ಟಿಸಿಟ್ಟ ಎರಡು ವಯಲ್‌ಗಳನ್ನು ಕರಗಿಸಿ ಬೆಳೆಸುವುದು, ಮುಂದಿನ ಕೆಲಸಕ್ಕೆ ಯಾವುದನ್ನು ಇಟ್ಟುಕೊಳ್ಳಬೇಕೆಂದು ತೀರ್ಮಾನಿಸುವುದು. ‘ಅ’ ವಯಲ್ ನಮ್ಮದೇ ಪರೀಕ್ಷಿತ ದಾಸ್ತಾನಿನದು. ‘ಬ’ ಹೊರಗಿನ ಪ್ರಯೋಗಾಲಯದಿಂದ ಬಂದದ್ದು, ಜೊತೆಗೆ ಮೈಕೋಪ್ಲಾಸ್ಮಾ ಎಂಬ ಕಿರು ಬ್ಯಾಕ್ಟೀರಿಯಾದ ಸೋಂಕು ಪರೀಕ್ಷೆಯ ವರದಿ ಇಲ್ಲ. ಹಾಗಾಗಿ ‘ಬ’ಗೆ ಬೇರೆ ಇನ್‌ಕ್ಯುಬೇಟರ್, ಬೇರೆ ಮೀಡಿಯಂ ಬಾಟಲಿ, ಕೋಶಗಳನ್ನು ತಳದಿಂದ ಬಿಡಿಸುವ ಕಿಣ್ವವಾದ ಟ್ರಿಪ್ಸಿನ್ನಿಗೂ ಬೇರೆ ಟ್ಯೂಬ್. ದಿನದ ಕೆಲಸದಲ್ಲಿ ಅದರ ಸರದಿ ಯಾವಾಗಲೂ ಕೊನೆಗೆ.

ತಯಾರಿ

ಕೋಶಗಳನ್ನು ಬೆಳೆಸುವ ಪೋಷಕ ದ್ರವ, ಅಂದರೆ ಮೀಡಿಯಂ, ಹೀಗೆ: ಗ್ಲುಟಮಿನ್ ಇಲ್ಲದ, ಹೆಚ್ಚು ಗ್ಲೂಕೋಸಿನ ಡಿಎಂಇಎಂ 440 ಮಿ.ಲೀ., ಫೀಟಲ್ ಬೋವೈನ್ ಸೀರಂ 50 ಮಿ.ಲೀ., 200 ಮಿಲಿಮೋಲಾರ್ ಗ್ಲುಟಮಿನ್ 10 ಮಿ.ಲೀ. ಒಟ್ಟು 500 ಮಿ.ಲೀ. ಆಗುತ್ತದೆ, ಸೀರಂ 10%, ಗ್ಲುಟಮಿನ್ 4 ಮಿಲಿಮೋಲಾರ್. ಬೆರೆಸಿದ ತಕ್ಷಣ ಎರಡು ಬಾಟಲಿಗೆ ಹಂಚಿ ಹೆಸರು, ದಿನಾಂಕ ಬರೆಯಲಾಯಿತು. ಗ್ಲುಟಮಿನ್ ದ್ರಾವಣದಲ್ಲಿ ತಾನಾಗಿಯೇ ಒಡೆದು ಅಮೋನಿಯಾ ಬಿಡುತ್ತದೆ, ಬೆಚ್ಚಗಿದ್ದಷ್ಟೂ ಬೇಗ. ಆದ್ದರಿಂದ ಇಡೀ ಬಾಟಲಿಯನ್ನು ದಿನವೂ 37 ಡಿಗ್ರಿಗೆ ಬಿಸಿ ಮಾಡದೆ, ಅಂದಿಗೆ ಬೇಕಾದಷ್ಟನ್ನೇ ಟ್ಯೂಬಿಗೆ ತೆಗೆದುಕೊಳ್ಳುವುದು ಒಳ್ಳೆಯದು.

ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಬೇಕೆಂದೇ ಹಾಕಿಲ್ಲ. ಅದು ಇದ್ದರೆ ಕೈಚಳಕದ ದೋಷಗಳು ಕಾಣದಂತೆ ಮುಚ್ಚಿಹೋಗುತ್ತವೆ; ಬ್ಯಾಕ್ಟೀರಿಯಾ ಸಾಯದೆ ತಗ್ಗಿದ ಮಟ್ಟದಲ್ಲಿ ಉಳಿದುಕೊಳ್ಳಬಹುದು. ಇಲ್ಲದಿದ್ದರೆ ತಪ್ಪು ಒಂದೆರಡು ದಿನದಲ್ಲೇ ಕಣ್ಣಿಗೆ ಹೊಡೆಯುತ್ತದೆ. ಹೊಸ ತಳಿಯನ್ನು ಅಳೆದು ನೋಡುವಾಗ ಇದೇ ಬೇಕಾದದ್ದು.

ಕೆಲಸವೆಲ್ಲ ಎರಡನೇ ದರ್ಜೆಯ ಬಯೋಸೇಫ್ಟಿ ಕ್ಯಾಬಿನೆಟ್‌ನಲ್ಲಿ. ಮಾನವ ಕೋಶವಾದ್ದರಿಂದ ಕೆಲಸಗಾರರ ಮುಖಕ್ಕೆ ಗಾಳಿ ಬೀಸುವ ಅಡ್ಡ ಹರಿವಿನ ಹುಡ್ ಸಲ್ಲದು. ಫ್ಯಾನ್ ಹಾಕಿ 15 ನಿಮಿಷ ಬಿಟ್ಟು, 70% ಎಥನಾಲ್‌ನಿಂದ ಒರೆಸಿ, ಆಮೇಲೆ ಬಾಟಲಿಗಳನ್ನು ಒಳಗಿಡುವುದು. 95% ಎಥನಾಲ್ ಇನ್ನೂ ಚೆನ್ನ ಎನ್ನುವವರಿದ್ದಾರೆ. ಆದರೆ ಪ್ರೋಟೀನ್ ಕೆಡಬೇಕಾದರೆ ನೀರಿನ ಪಾಲೂ ಬೇಕು. ಜೊತೆಗೆ ಗಾಢ ಎಥನಾಲ್ ಕೆಲಸ ಮುಗಿಯುವ ಮೊದಲೇ ಆರಿಹೋಗುತ್ತದೆ. ಮುಂದಿನ ಜಾಲರಿಯ ಮೇಲೆ ಪುಸ್ತಕ, ಟಿಪ್ ಡಬ್ಬಿ ಇಡಬಾರದು, ಗಾಳಿಯ ತಡೆ ಅಲ್ಲೇ ಮುರಿಯುವುದು. ಬರ್ನರ್ ಕೂಡ ಬೇಡ, ಅದರ ಬಿಸಿ ಗಾಳಿ ಹರಿವನ್ನು ಕೆಡಿಸುತ್ತದೆ. ತೆರೆದ ಬಾಟಲಿಯ ಬಾಯಿಯ ಮೇಲಿಂದ ಕೈ ಹಾಯಬಾರದು. ಕೋಶಕ್ಕೆ ತಾಗಿದ ಪಿಪೆಟ್ ಮತ್ತೆ ಮೀಡಿಯಂ ಬಾಟಲಿಗೆ ಇಳಿಯಬಾರದು. ಈ ಕೊನೆಯ ನಿಯಮವನ್ನು ಮೀರಿದರೆ ಒಂದು ಫ್ಲಾಸ್ಕ್‌ನ ಸೋಂಕು ಬಾಟಲಿಯ ಮೂಲಕ ಎಲ್ಲ ಫ್ಲಾಸ್ಕ್‌ಗಳಿಗೂ ಹೋಗುತ್ತದೆ.

ದಿನ 0: ಕರಗಿಸುವುದು

ವಯಲನ್ನು 37 ಡಿಗ್ರಿ ನೀರಿನಲ್ಲಿ ಮುಚ್ಚಳ ಮುಳುಗದಂತೆ ಹಿಡಿದು ಅಲ್ಲಾಡಿಸಬೇಕು. ಎರಡು ನಿಮಿಷದೊಳಗೆ ಒಂದು ಚೂರು ಮಂಜುಗಡ್ಡೆ ಮಾತ್ರ ಉಳಿದಾಗ ತೆಗೆದು, ಎಥನಾಲ್‌ನಿಂದ ಒರೆಸಿ ಕ್ಯಾಬಿನೆಟ್‌ಗೆ. ಒಳಗಿನ 1 ಮಿ.ಲೀ. ಅನ್ನು 9 ಮಿ.ಲೀ. ಬೆಚ್ಚಗಿನ ಮೀಡಿಯಂಗೆ ಹನಿಹನಿಯಾಗಿ ಸೇರಿಸಲಾಯಿತು. ಒಮ್ಮೆಲೇ ಸುರಿದರೆ, ಹೆಪ್ಪುಗಟ್ಟುವಾಗ ಕಾಪಾಡಲೆಂದು ಹಾಕಿದ ಡಿಎಂಎಸ್‌ಒ ತುಂಬಿಕೊಂಡ ಕೋಶಕ್ಕೆ ನೀರು ನುಗ್ಗಿ ಅದು ಒಡೆಯುತ್ತದೆ. 200 ಜಿ ಬಲದಲ್ಲಿ 5 ನಿಮಿಷ ತಿರುಗಿಸಿ, ಮೇಲಿನ ದ್ರವ ತೆಗೆದು, 5 ಮಿ.ಲೀ. ಹೊಸ ಮೀಡಿಯಂನಲ್ಲಿ, 25 ಚದರ ಸೆಂ.ಮೀ. ತಳದ ಟಿ-25 ಫ್ಲಾಸ್ಕ್‌ಗೆ ಹಾಕಿದ್ದು. 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್.

ದಿನ 1

ಎರಡರಲ್ಲೂ ಹೆಚ್ಚಿನ ಕೋಶಗಳು ತಳಕ್ಕೆ ಅಂಟಿವೆ. ತೇಲುತ್ತಿರುವ ಸತ್ತ ಕೋಶಗಳನ್ನು ಮೀಡಿಯಂ ಬದಲಿಸಿ ತೆಗೆದದ್ದಾಯಿತು.

ದಿನ 3: ಮೊದಲ ಪ್ಯಾಸೇಜ್, ಅಂದರೆ ಕೋಶಗಳನ್ನು ಎಬ್ಬಿಸಿ ಹೊಸ ಫ್ಲಾಸ್ಕಿಗೆ ಬಿತ್ತುವುದು

ಎಚ್‌ಇಕೆ-293ರ ಹಿಡಿತ ಸಡಿಲ. ತೊಳೆಯುವ ಲವಣ ದ್ರಾವಣವಾದ ಪಿಬಿಎಸ್ ಅನ್ನು ನೇರ ಕೋಶಗಳ ಮೇಲೆ ಬಿಟ್ಟರೆ ಹಾಳೆಯಂತೆ ಎದ್ದುಬರುತ್ತವೆ, ಆದ್ದರಿಂದ ಎದುರು ಗೋಡೆಗೆ ಬಿಡಬೇಕು. ಈ ಪಿಬಿಎಸ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರಬಾರದು: ಕೋಶಗಳ ಅಂಟಿಗೆ ಅವೇ ಆಧಾರ. ಸೀರಂ ಉಳಿದರೂ ಟ್ರಿಪ್ಸಿನ್ ಕೆಲಸ ಮಾಡದು, ಅದರಲ್ಲಿ ಟ್ರಿಪ್ಸಿನ್ ತಡೆಯುವ ಪ್ರೋಟೀನ್ ಇರುತ್ತದೆ. ತೊಳೆದ ಮೇಲೆ 0.05% ಟ್ರಿಪ್ಸಿನ್-ಇಡಿಟಿಎ 1 ಮಿ.ಲೀ., ಒಂದೆರಡು ನಿಮಿಷ. ಕೋಶ ದುಂಡಗಾಗಿ ಬಿಟ್ಟೊಡನೆ ಸೀರಂ ಇರುವ ಮೀಡಿಯಂ ಸೇರಿಸಿ ನಿಲ್ಲಿಸುವುದು. ಎರಡರಿಂದಲೂ ತಲಾ 10 ಲಕ್ಷ ಜೀವಂತ ಕೋಶಗಳನ್ನು ಟಿ-75ಕ್ಕೆ ಬಿತ್ತಲಾಯಿತು.

ದಿನ 6: ಎಣಿಕೆ ಹೊಂದಿಕೆಯಾಗುತ್ತಿಲ್ಲ

ಬಿತ್ತಿ 72 ಗಂಟೆ. ಎಬ್ಬಿಸಿದ ಕೋಶಗಳನ್ನು 10 ಮಿ.ಲೀ. ಮೀಡಿಯಂನಲ್ಲಿ ಕಲಸಿ, ಸತ್ತ ಕೋಶಗಳಿಗೆ ಮಾತ್ರ ನೀಲಿ ಹತ್ತಿಸುವ 0.4% ಟ್ರಿಪಾನ್ ಬ್ಲೂ ಸಮಪಾಲು ಬೆರೆಸಿ ಹೀಮೊಸೈಟೊಮೀಟರ್‌ನಲ್ಲಿ ಎಣಿಕೆ.

‘ಅ’: ನಾಲ್ಕು ಮೂಲೆಯ ಚೌಕಗಳಲ್ಲಿ ಜೀವಂತ 160, ನೀಲಿ 8. ಚೌಕಕ್ಕೆ ಸರಾಸರಿ 40. ಅದನ್ನು 2ರಿಂದ (ಬಣ್ಣ ಬೆರೆಸಿದ್ದಕ್ಕೆ), ಆಮೇಲೆ 10,000ದಿಂದ ಗುಣಿಸಿದರೆ ಮಿ.ಲೀ.ಗೆ 8 ಲಕ್ಷ. ಒಟ್ಟು 80 ಲಕ್ಷ. ಹತ್ತು ಲಕ್ಷ ಎಂಟು ಪಟ್ಟಾಗಿದೆ ಎಂದರೆ ಮೂರು ಬಾರಿ ಇಮ್ಮಡಿಸಿದೆ, ಅಂದರೆ 24 ಗಂಟೆಗೊಮ್ಮೆ. ಈ ತಳಿಗೆ ಇದು ಸಹಜ.

‘ಬ’: ಜೀವಂತ 80, ನೀಲಿ 9. ಒಟ್ಟು 40 ಲಕ್ಷ, ಎರಡೇ ಇಮ್ಮಡಿ, 36 ಗಂಟೆಗೊಮ್ಮೆ. ಸತ್ತ ಕೋಶ ಸುಮಾರು 10%.

ಗಮನಿಸಬೇಕಾದದ್ದು: ‘ಬ’ ಮೀಡಿಯಂ ಗಾಜಿನಂತೆ ತಿಳಿ. ಆಮ್ಲ ಹೆಚ್ಚಿದರೆ ಹಳದಿಯಾಗುವ ಸೂಚಕ ಬಣ್ಣ ಫೀನಾಲ್ ರೆಡ್ ಕೂಡ ಕೆಂಪು-ಕಿತ್ತಳೆಯಾಗಿಯೇ ಇದೆ. ಮಾಮೂಲಿ ಬ್ಯಾಕ್ಟೀರಿಯಾ ಆಗಿದ್ದರೆ ಆ್ಯಂಟಿಬಯೋಟಿಕ್ ಇಲ್ಲದ ಮೀಡಿಯಂ ರಾತ್ರಿ ಕಳೆಯುವುದರೊಳಗೆ ಕದಡಿ, ಸಾಮಾನ್ಯವಾಗಿ ಹಳದಿಗೆ ತಿರುಗುತ್ತಿತ್ತು. 400 ಪಟ್ಟು ಹಿಗ್ಗಿಸಿದಾಗ ಕೋಶಗಳ ನಡುವೆ ಸಣ್ಣ ಕಡ್ಡಿ, ಚುಕ್ಕೆಗಳು ಮಿಸುಕುವುದೂ ಕಾಣಬೇಕಿತ್ತು. ಯೀಸ್ಟ್ ಆದರೆ ಮೊಗ್ಗು ಬಿಟ್ಟ ದುಂಡುಕಣಗಳ ಸರ. ಬೂಸಿನ ಎಳೆಗಳನ್ನು ತಪ್ಪಿಸಿಕೊಳ್ಳುವುದೇ ಕಷ್ಟ. ಬರೀ ಜಾಗದಲ್ಲೇ ಅದುರುವ ಕಣ ಕಂಡರೆ ಗಾಬರಿ ಬೇಡ, ಅದು ಕೋಶದ ಚೂರೋ ಸೀರಂನ ಗಸಿಯೋ ಆಗಿರಬಹುದು. ಅಂಥ ಸಂದೇಹಕ್ಕೆ ಸುಲಭ ಉಪಾಯವಿದೆ: ಕೋಶವಿಲ್ಲದ ಮೀಡಿಯಂ 5 ಮಿ.ಲೀ. ಅನ್ನು ಒಂದು ಡಿಶ್‌ನಲ್ಲಿ ಮೂರು ದಿನ 37 ಡಿಗ್ರಿಯಲ್ಲಿ ಇಡುವುದು. ಗಸಿ ಹೆಚ್ಚುವುದಿಲ್ಲ, ಜೀವಿ ಹೆಚ್ಚುತ್ತದೆ. ಎರಡೂ ಬಾಟಲಿಗಳಿಂದ ಇಟ್ಟದ್ದಾಯಿತು.

ನಿಧಾನಕ್ಕೆ ಇನ್ನೂ ಕಾರಣಗಳಿವೆ: ಹಳೆಯ ಗ್ಲುಟಮಿನ್, ಸೀರಂನ ಬ್ಯಾಚ್, ಅತಿಯಾದ ಟ್ರಿಪ್ಸಿನ್. ಇವು ‘ಅ’ಗೂ ಸಮಾನ, ಆದ್ದರಿಂದ ಪಟ್ಟಿಯಿಂದ ಹೊರಗೆ. ಸಮಾನವಲ್ಲದ್ದು ಇನ್‌ಕ್ಯುಬೇಟರ್ ಮತ್ತು ಬಾಟಲಿ. ಇದನ್ನು ಬಗೆಹರಿಸಲು ‘ಅ’ದಿಂದ 3.3 ಲಕ್ಷ ಕೋಶಗಳನ್ನು ಟಿ-25ರಲ್ಲಿ, ‘ಬ’ ಬಾಟಲಿಯ ಮೀಡಿಯಂನಲ್ಲಿ, ‘ಬ’ ಇನ್‌ಕ್ಯುಬೇಟರ್‌ನಲ್ಲೇ ಇಡಲಾಯಿತು. ಈ ಫ್ಲಾಸ್ಕ್ ಮರಳಿ ‘ಅ’ ಕಡೆ ಬರುವಂತಿಲ್ಲ, ಫಲಿತಾಂಶ ಏನೇ ಇರಲಿ ಕಸಕ್ಕೇ. ಎರಡನ್ನೂ ಮತ್ತೆ 10 ಲಕ್ಷದಂತೆ ಬಿತ್ತಿದ್ದೂ ಆಯಿತು. ಒಂದೇ ಎಣಿಕೆಯ ಮೇಲೆ, ಅದೂ ಕರಗಿಸಿದ ಹೊಸದರಲ್ಲಿ, ತೀರ್ಪು ಕೊಡುವುದು ಸರಿಯಲ್ಲ.

ದಿನ 9

‘ಅ’ ಮತ್ತೆ 24 ಗಂಟೆ, ‘ಬ’ ಮತ್ತೆ 36ರ ಆಸುಪಾಸು. ‘ಬ’ ಕಡೆಗೆ ಜಾಗ ಬದಲಿಸಿದ ‘ಅ’ ಕೋಶಗಳ ಟಿ-25ರಲ್ಲಿ ಸುಮಾರು 26 ಲಕ್ಷ, ಅಂದರೆ ಎಂಟು ಪಟ್ಟು. ಇನ್‌ಕ್ಯುಬೇಟರ್‌ನದಾಗಲಿ ಬಾಟಲಿಯದಾಗಲಿ ತಪ್ಪಿಲ್ಲ. ಮೀಡಿಯಂ ಮಾತ್ರ ಇದ್ದ ಡಿಶ್‌ಗಳೂ ಸ್ವಚ್ಛ. ಉಳಿದದ್ದು ‘ಬ’ ಕೋಶಗಳೇ.

ಇಂಥ ಲಕ್ಷಣಕ್ಕೆ ಮೊದಲ ಅನುಮಾನ ಮೈಕೋಪ್ಲಾಸ್ಮಾ. ಅದಕ್ಕೆ ಕೋಶಭಿತ್ತಿ ಇಲ್ಲ, ಹಾಗಾಗಿ ಪೆನಿಸಿಲಿನ್‌ಗೆ ಹಿಡಿಯಲು ಏನೂ ಸಿಗದು. ಮೈ ಮೃದು, ಗಾತ್ರ ಕಿರಿದು, 0.22 ಮೈಕ್ರೋಮೀಟರ್ ಫಿಲ್ಟರ್‌ನಿಂದಲೂ ನುಸುಳಬಲ್ಲದು. ಮಿ.ಲೀ.ಗೆ ಕೋಟಿಗಟ್ಟಲೆ ಇದ್ದರೂ ದ್ರವ ಕದಡುವುದಿಲ್ಲ. ಕೋಶದ ಹೊರಮೈಗೆ ಅಂಟಿಕೊಂಡು ಅದರ ಪೋಷಕಾಂಶಗಳನ್ನೇ ಉಣ್ಣುತ್ತದೆ, ಕೆಲವು ಜಾತಿಗಳು ಮೀಡಿಯಂನ ಆರ್ಜಿನಿನ್ ಬರಿದು ಮಾಡುತ್ತವೆ. ಸಾಮಾನ್ಯ ಮೈಕ್ರೋಸ್ಕೋಪ್‌ಗೆ ಕಾಣದು.

ಪ್ಯಾಸೇಜ್ ಮಾಡುವ ಮೊದಲು ಎರಡೂ ಫ್ಲಾಸ್ಕ್‌ಗಳಿಂದ ತಲಾ 1 ಮಿ.ಲೀ. ಮೇಲಿನ ದ್ರವ ತೆಗೆದಿಡಲಾಯಿತು. ಫ್ಲಾಸ್ಕ್ ತುಂಬುತ್ತ ಬಂದಾಗ, ಮೀಡಿಯಂ ಬದಲಿಸದೆ ಎರಡು ಮೂರು ದಿನ ಕಳೆದ ಮೇಲೆ ತೆಗೆದ ಮಾದರಿಯೇ ನಂಬಿಕೆಗೆ ಅರ್ಹ. ನಿನ್ನೆ ಮೀಡಿಯಂ ಬದಲಿಸಿ ಇಂದು ಪರೀಕ್ಷಿಸಿದರೆ ಇದ್ದದ್ದೂ ತಪ್ಪಿಹೋಗಬಹುದು. ಜೊತೆಗೆ ಕವರ್‌ಸ್ಲಿಪ್‌ಗಳ ಮೇಲೆ ಎರಡೂ ಕೋಶಗಳನ್ನು ತೆಳುವಾಗಿ ಬಿತ್ತಿದ್ದು.

ದಿನ 10: ಪಿಸಿಆರ್

ಮಾದರಿಯನ್ನು 95 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ, ಸ್ವಲ್ಪ ಹೊತ್ತು ತಿರುಗಿಸಿ, ಮೇಲಿನ ದ್ರವವನ್ನೇ ಬಳಸಲಾಯಿತು. ಗುರಿ ಮೈಕೋಪ್ಲಾಸ್ಮಾದ 16ಎಸ್ ಆರ್‌ಆರ್‌ಎನ್‌ಎ ಜೀನ್. ಜೆಲ್ ಮೇಲೆ ನೀರು ಮಾತ್ರ ಹಾಕಿದ ಲೇನ್ ಖಾಲಿ, ಧನಾತ್ಮಕ ನಿಯಂತ್ರಣದಲ್ಲಿ ಪಟ್ಟಿ, ‘ಬ’ದಲ್ಲಿ ಅದೇ ಎತ್ತರದಲ್ಲಿ ದಟ್ಟ ಪಟ್ಟಿ, ‘ಅ’ ಖಾಲಿ. ಆದರೆ ‘ಅ’ ಖಾಲಿ ಎಂದಷ್ಟೇ ಬರೆದರೆ ಸಾಲದು. ಸೀರಂ, ಸತ್ತ ಕೋಶಗಳ ಅವಶೇಷ ಕ್ರಿಯೆಯನ್ನೇ ತಡೆದಿರಬಹುದು. ಅದಕ್ಕಾಗಿ ‘ಅ’ ಮಾದರಿಗೆ ಧನಾತ್ಮಕ ಡಿಎನ್‌ಎ ಬೆರೆಸಿದ ಇನ್ನೊಂದು ಟ್ಯೂಬ್ ಇತ್ತು. ಅಲ್ಲಿ ಪಟ್ಟಿ ಬಂದಿದೆ. ಈಗ ‘ಅ’ ಋಣಾತ್ಮಕ ಎನ್ನಬಹುದು.

ದಿನ 12: ಹೆಕ್ಸ್ಟ್ ಬಣ್ಣ

ಕವರ್‌ಸ್ಲಿಪ್‌ಗಳನ್ನು ಮೆಥನಾಲ್ ಮೂರು ಪಾಲು, ಅಸಿಟಿಕ್ ಆಮ್ಲ ಒಂದು ಪಾಲಿನ ಮಿಶ್ರಣದಲ್ಲಿ 10 ನಿಮಿಷ ಸ್ಥಿರಗೊಳಿಸಿ, ಒಣಗಿಸಿ, ಡಿಎನ್‌ಎಗೆ ಅಂಟಿ ಹೊಳೆಯುವ, ಮಿ.ಲೀ.ಗೆ 0.5 ಮೈಕ್ರೋಗ್ರಾಂ ಹೆಕ್ಸ್ಟ್ 33258ರಲ್ಲಿ 10 ನಿಮಿಷ ಇಟ್ಟು ತೊಳೆದದ್ದು. ‘ಅ’ದಲ್ಲಿ ನ್ಯೂಕ್ಲಿಯಸ್‌ಗಳು ಮಾತ್ರ ಹೊಳೆಯುತ್ತವೆ, ಸುತ್ತ ಕಪ್ಪು. ‘ಬ’ದಲ್ಲಿ ನ್ಯೂಕ್ಲಿಯಸ್‌ಗಳ ಸುತ್ತ, ಕೋಶದ ಅಂಚಿನುದ್ದಕ್ಕೂ, ರಾಗಿ ಚೆಲ್ಲಿದಂತೆ ಸಮಗಾತ್ರದ ಸಣ್ಣ ಚುಕ್ಕೆಗಳು. ಸಾಯುವ ಕೋಶದ ನ್ಯೂಕ್ಲಿಯಸ್ ಒಡೆದರೂ ಚುಕ್ಕೆ ಕಾಣುತ್ತದೆ, ಆದರೆ ಅವು ಒಂದೊಂದು ಒಂದೊಂದು ಗಾತ್ರ, ಒಂದೇ ಕೋಶದಲ್ಲಿ ಗುಂಪಾಗಿರುತ್ತವೆ. ದಟ್ಟವಾಗಿ ಬಿತ್ತಿದರೆ ಈ ವ್ಯತ್ಯಾಸ ಕಾಣದು, ಅದಕ್ಕೇ ತೆಳು ಬಿತ್ತನೆ.

ಎರಡು ಬೇರೆ ವಿಧಾನಗಳು ಒಂದೇ ಮಾತು ಹೇಳಿವೆ. ‘ಬ’ಗೆ ಸೋಂಕಿದೆ.

ವಿಲೇವಾರಿ

ಔಷಧ ಕೊಟ್ಟು ಉಳಿಸಬಹುದಿತ್ತು. ಸುಮಾರು ಎರಡು ವಾರ ಮೈಕೋಪ್ಲಾಸ್ಮಾಗೆ ನಾಟುವ ಆ್ಯಂಟಿಬಯೋಟಿಕ್, ಮತ್ತೆರಡು ವಾರ ಅದಿಲ್ಲದೆ ಬೆಳೆಸಿ ಮರುಪರೀಕ್ಷೆ. ಬೇರೆಲ್ಲೂ ಸಿಗದ ತಳಿಯಾದರೆ ಆ ಶ್ರಮ ಸಾರ್ಥಕ. ಅದೇ ತಳಿ ಪಕ್ಕದಲ್ಲೇ ಶುದ್ಧವಾಗಿರುವಾಗ ಅಲ್ಲ. ‘ಬ’ ಫ್ಲಾಸ್ಕ್‌ಗಳು, ಜಾಗ ಬದಲಿಸಿದ ಟಿ-25, ‘ಬ’ ಬಾಟಲಿಯ ಉಳಿಕೆ, ಟ್ರಿಪ್ಸಿನ್ ಎಲ್ಲವನ್ನೂ 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಲಾಯಿತು. ಬ್ಲೀಚ್ ಹಾಕಿದ ದ್ರವವನ್ನು ಮಾತ್ರ ಆಟೋಕ್ಲೇವ್‌ಗೆ ಇಡಬಾರದು, ವಿಷಾನಿಲ ಏಳುತ್ತದೆ. ಕ್ಯಾಬಿನೆಟ್‌ನ ಕೆಳತಟ್ಟೆ ಎತ್ತಿ ಅಡಿಯನ್ನೂ ಒರೆಸಿದ್ದು: ಒಣಗಿದ ಹನಿಯಲ್ಲಿ ಮೈಕೋಪ್ಲಾಸ್ಮಾ ದಿನಗಟ್ಟಲೆ ಬದುಕಿರಬಲ್ಲದು. ಇನ್‌ಕ್ಯುಬೇಟರ್‌ನ ನೀರಿನ ತಟ್ಟೆ ಖಾಲಿ ಮಾಡಿ, ತೊಳೆದು, ಸ್ಟೆರೈಲ್ ನೀರು ತುಂಬಿದ್ದಾಯಿತು.

‘ಅ’ದಿಂದ 10% ಡಿಎಂಎಸ್‌ಒ ಇರುವ ಮೀಡಿಯಂನಲ್ಲಿ, ವಯಲ್‌ಗೆ 20 ಲಕ್ಷದಂತೆ, ನಿಮಿಷಕ್ಕೆ ಸುಮಾರು 1 ಡಿಗ್ರಿ ಇಳಿಯುವ ಡಬ್ಬಿಯಲ್ಲಿಟ್ಟು ಮೈನಸ್ 80ಕ್ಕೆ, ಮರುದಿನ ದ್ರವ ನೈಟ್ರೋಜನ್ನಿಗೆ. ಒಂದೇ ಕ್ಯಾಬಿನೆಟ್‌ನಲ್ಲಿ ಕೆಲಸ ನಡೆದಿರುವುದರಿಂದ ‘ಅ’ ಫ್ಲಾಸ್ಕ್‌ಗೆ ಎರಡು ವಾರದ ಬಳಿಕ ಇನ್ನೊಂದು ಪಿಸಿಆರ್ ಬಾಕಿ. ಅದರ ಫಲಿತಾಂಶ ಬರುವವರೆಗೆ ಈ ವಯಲ್‌ಗಳ ಮೇಲೆ ‘ತಾತ್ಕಾಲಿಕ’ ಎಂದೇ ಬರೆದಿದೆ.