ಒಂದೇ ಹೆಸರು, ಎರಡು ಪರೀಕ್ಷೆ: ನಮ್ಮ ರೈತ ಕಂಪನಿಗೆ ಹೆಸರು ಹುಡುಕಿದ ಲೆಕ್ಕ

ಮೊದಲನೇ ವಾರ

ಬ್ಯಾಡಗಿ ತಾಲೂಕಿನ ನಮ್ಮ ಊರಲ್ಲಿ ಮೆಣಸಿನಕಾಯಿ ಬೆಳೆಯುವ ಹನ್ನೆರಡು ಮಂದಿ ಸೇರಿ ರೈತ ಉತ್ಪಾದಕರ ಕಂಪನಿ ಕಟ್ಟುತ್ತಿದ್ದೇವೆ. ಕಾನೂನಿಗೆ ಕನಿಷ್ಠ ಹತ್ತು ಜನ ಉತ್ಪಾದಕರು ಸಾಕು, ಅದು ಆಯಿತು. ಹೆಸರಿನ ಕೆಲಸ ನನ್ನ ಪಾಲಿಗೆ ಬಂದಿದೆ. ಒಣಗಿದ ಕಡ್ಡಿ ಮೆಣಸಿನಕಾಯಿಯನ್ನು ಹೊರದೇಶಕ್ಕೆ ಕಳಿಸುವ ಆಸೆ ಇದೆ. ಹಳ್ಳಿ ಸಂತೆಗಳಲ್ಲಿ ಚೀಲದ ಲೆಕ್ಕದಲ್ಲಿ ಮಾರುವುದೂ ಇದೆ. ಎರಡು ಕಡೆಗೂ ಒಂದೇ ಹೆಸರು ಇರಲಿ ಅನ್ನೋದು ನನ್ನ ಹಟ. ಸಂತೆಯಲ್ಲಿ ಒಂದು ಹೆಸರು, ಕಾಗದದಲ್ಲಿ ಇನ್ನೊಂದು ಹೆಸರು ಇದ್ದರೆ, ಚೀಲದಲ್ಲಿ ಕೊಳೆತ ಕಾಯಿ ಸಿಕ್ಕವನು ಯಾರನ್ನು ಕೇಳಬೇಕು?

ಸಭೆಯಲ್ಲಿ ಎಲ್ಲರೂ ಒಪ್ಪಿದ ಮೊದಲ ಹೆಸರು "ಬ್ಯಾಡಗಿ ಸಮೃದ್ಧಿ". ಅದನ್ನು ತೆಗೆದುಕೊಂಡು ಹಾವೇರಿಯಲ್ಲಿ ರಫ್ತಿನ ಕಾಗದಪತ್ರ ಮಾಡುವ ಗೆಳೆಯನ ಹತ್ತಿರ ಹೋದೆ.

ಅವನು ಮೊದಲು ತೋರಿಸಿದ್ದು ಲೆಟರ್ ಆಫ್ ಕ್ರೆಡಿಟ್‌ನ ನಮೂನೆ. ಕಾಗದಪತ್ರ ಎಲ್ಲ ತಾಳೆಯಾದರೆ ಹಣ ಕೊಡುತ್ತೇವೆ ಅಂತ ಬ್ಯಾಂಕು ಬರೆದುಕೊಡುವ ಮಾತು ಅದು. ಖರೀದಿದಾರನ ಬ್ಯಾಂಕು ಅದನ್ನು ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುವ ಸ್ವಿಫ್ಟ್ ಜಾಲದ ಮೂಲಕ ಕಳಿಸುತ್ತದೆ. ಹಣ ಯಾರಿಗೆ ಸೇರಬೇಕೋ ಅವರ ಹೆಸರು, ವಿಳಾಸ ಬರೆಯಲು ಅದರಲ್ಲಿ ಇರುವುದು ನಾಲ್ಕೇ ಸಾಲು. ಒಂದು ಸಾಲಿಗೆ 35 ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ. ನಮ್ಮಂಥ ಕಂಪನಿಯ ಹೆಸರು "ಪ್ರೊಡ್ಯೂಸರ್ ಕಂಪನಿ ಲಿಮಿಟೆಡ್" ಅಂತಲೇ ಮುಗಿಯಬೇಕು, ಅದು ಕಾಯಿದೆಯ ಮಾತು. ಇಂಗ್ಲಿಷಿನಲ್ಲಿ ಅಷ್ಟಕ್ಕೇ 24 ಅಕ್ಷರ, ಅದರ ಮುಂದೆ ಒಂದು ಖಾಲಿ ಜಾಗ. ಅಂದರೆ ನಮಗೆ ಉಳಿಯುವುದು ಬರೀ ಹತ್ತು ಅಕ್ಷರ!

```
BYADGI SAMRUDDHI FARMERS PRODUCER COMPANY LIMITED
```

ಇದು 49. ಹೆಸರು ಎರಡನೇ ಸಾಲಿಗೆ ಹೋದರೆ ತಪ್ಪೇನಿಲ್ಲ, ಆದರೆ ವಿಳಾಸಕ್ಕೆ ಎರಡೇ ಸಾಲು ಉಳಿಯುತ್ತದೆ. ಆಗ ಟೈಪ್ ಮಾಡುವವರು ತಮಗೆ ತೋಚಿದ ಹಾಗೆ ಏನನ್ನೋ ಮೊಟಕು ಮಾಡುತ್ತಾರೆ. ಅಪಾಯ ಇರುವುದು ಅಲ್ಲಿ.

ಅವನ ಗಿರಾಕಿಯೊಬ್ಬರಿಗೆ ಇಂಥದ್ದೇ ಆಗಿತ್ತಂತೆ. ಅವರ ಹೆಸರಲ್ಲೂ ಸಮೃದ್ಧಿ ಇತ್ತು. ಖರೀದಿದಾರ ಫೋನಿನಲ್ಲಿ ಕೇಳಿಕೊಂಡು ಲೆಟರ್ ಆಫ್ ಕ್ರೆಡಿಟ್‌ನಲ್ಲಿ `SAMRUDHI` ಅಂತ ಬರೆಸಿದ. ಇವರ ಇನ್‌ವಾಯ್ಸಿನಲ್ಲಿ `SAMRUDDHI` ಇತ್ತು. ಒಂದು ಅಕ್ಷರದ ಮಾತು, ಅಲ್ವಾ? ಬ್ಯಾಂಕಿನವರು ಪ್ರಶ್ನೆ ಎತ್ತಿದರು. ತಿದ್ದುಪಡಿ ತರಿಸುವ ಹೊತ್ತಿಗೆ ಒಂದು ವಾರ ಹೋಯಿತು, ಖರ್ಚು ಬೇರೆ. ಆಮೇಲೆ ನಾನೇ ಎಣಿಸಿ ನೋಡಿದೆ: ಸಮೃದ್ಧಿಯನ್ನು ಇಂಗ್ಲಿಷಿನಲ್ಲಿ ನಮ್ಮವರೇ ನಾಲ್ಕು ಥರ ಬರೆಯುತ್ತಾರೆ. ಬ್ಯಾಡಗಿಯನ್ನು ಮೂರು ಥರ.

ಎರಡನೇ ವಾರ

"ಫಾರ್ಮರ್ಸ್" ಅನ್ನುವ ಪದ ಬಿಟ್ಟೆವು. ಕಾಯಿದೆ ಅದನ್ನು ಕೇಳುವುದಿಲ್ಲ. "ಬ್ಯಾಡಗಿ"ಯನ್ನೂ ಬಿಡಬೇಕು ಅಂದಾಗ ಮಾತ್ರ ಸಭೆಯಲ್ಲಿ ಜೋರು ಗದ್ದಲ. ನನ್ನ ವಾದ ಇದು: ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಆ ಹೆಸರು ಈ ಭಾಗದ ಬೆಳೆಗಾರರೆಲ್ಲರದ್ದು, ಟ್ರೇಡ್‌ಮಾರ್ಕ್ ಮಾಡಿ ನಮ್ಮದೊಂದೇ ಅನ್ನಲು ಆಗದು. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡು "ಬ್ಯಾಡಗಿ ಮೆಣಸಿನಕಾಯಿ" ಅಂತ ಮಾಲಿನ ಹೆಸರಾಗಿ ಚೀಲದ ಮೇಲೆ ಬರೆಯೋಣ, ಕಂಪನಿಯ ಹೆಸರಾಗಿ ಬೇಡ. ಕೊನೆಗೆ ಒಪ್ಪಿದರು.

ಉಳಿದದ್ದು "ಸಮೃದ್ಧಿ". ಅದನ್ನು ಕೆಡವಿದ್ದು ಚೀಲ.

ನಮ್ಮ ಗೋಣಿಚೀಲಕ್ಕೆ ಹೆಸರು ಹಾಕುವುದು ತಗಡಿನ ಅಚ್ಚಿನಿಂದ. ತಗಡಿನಲ್ಲಿ ಅಕ್ಷರ ಕೊರೆದು, ಚೀಲದ ಮೇಲಿಟ್ಟು, ಬ್ರಷ್ಷಿನಿಂದ ಬಣ್ಣ ಬಡಿಯುತ್ತಾರೆ. ಎರಡು ಇಂಚಿನ ಅಕ್ಷರದಲ್ಲಿ ಒಂದು ಅಚ್ಚು ಮಾಡಿಸಿ ನೋಡಿದೆ. ಗೋಣಿಯ ನೇಯ್ಗೆ ದಪ್ಪ. ಬಣ್ಣ ನೂಲಿನ ಗುಂಟ ಓಡುತ್ತದೆ. "ಮೃ"ದ ಕೆಳಗಿನ ಕೊಕ್ಕೆ ಬರೀ ಚುಕ್ಕೆಯಾಯಿತು. "ದ್ಧಿ"ಯ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿತು. ಹತ್ತು ಹೆಜ್ಜೆ ದೂರ ನಿಂತು ನೋಡಿದರೆ "ಸಮದಿ". ಅಚ್ಚು ಮಾಡುವ ಚಾಚಾ ಇನ್ನೊಂದು ಮಾತು ತಿಳಿಸಿದರು. ಅಕ್ಷರದ ಸುತ್ತಿನ ಒಳಗಿನ ತಗಡು ಉದುರಬಾರದು ಅಂದರೆ ಅಲ್ಲಲ್ಲಿ ಸಣ್ಣ ಕೊಂಡಿ ಬಿಡಬೇಕು. ಒತ್ತಕ್ಷರದಲ್ಲಿ ಆ ಕೊಂಡಿಗೆ ಜಾಗವೇ ಇರುವುದಿಲ್ಲ, ತುಸು ದಿನಕ್ಕೆ ಮುರಿಯುತ್ತದೆ.

ಹಾಗಾಗಿ ಮೂರು ಕಟ್ಟಳೆ ಬರೆದುಕೊಂಡೆ: ಇಂಗ್ಲಿಷಿನಲ್ಲಿ ಹತ್ತು ಅಕ್ಷರದ ಒಳಗೆ, ಕನ್ನಡದಲ್ಲಿ ಒತ್ತಕ್ಷರ ಇಲ್ಲದೆ, ಕೇಳಿದವರು ಒಂದೇ ಥರ ಬರೆಯುವಂತೆ.

ಮೂರನೇ ವಾರ

ಮೂರನೆಯದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. "ಸುಗ್ಗಿ"ಗೆ ಒತ್ತಿದೆ. "ಕೂರಿಗೆ" ನನಗೆ ತುಂಬಾ ಇಷ್ಟ, ಆದರೆ `KURIGE` ಅಂತ ಒಬ್ಬರು, `KOORIGE` ಅಂತ ಇನ್ನೊಬ್ಬರು. "ಹಂತಿ"ಯಲ್ಲಿ ತ ಇದೆ. ನಮ್ಮಲ್ಲಿ ಅರ್ಧ ಜನ ಅದಕ್ಕೆ `T` ಹಾಕಿದರೆ ಇನ್ನರ್ಧ `TH` ಹಾಕುತ್ತಾರೆ. ದೀರ್ಘ ಸ್ವರ, ತ, ದ, ಶ ಇದ್ದರೆ ಗೊಂದಲ ಖಾತ್ರಿ.

ಮೆಣಸಿನಕಾಯಿ ಹರವಿದ ಕಣ ನೋಡುತ್ತಾ ಕೂತಾಗ ಒಂದು ಹೆಸರು ಹೊಳೆಯಿತು. ಕೆಂಪು ಕಣ, "ಕೆಂಗಣ". ಒತ್ತಿಲ್ಲ, ಇಂಗ್ಲಿಷಿನಲ್ಲಿ ಏಳೇ ಅಕ್ಷರ. ಖುಷಿಯಿಂದ ಮಲ್ಲಪ್ಪ ಕಾಕಾನಿಗೆ ಹೇಳಿದೆ. ಕಾಕಾ ಎಲಿ ಅಡಿಕಿ ಜಗಿಯೋದು ನಿಲ್ಲಿಸಿದರು.

"ಕೆಂಗಣ್ಣು ಅಂದಂಗ ಕೇಳಸತೈತಲ್ಲೋ ತಮ್ಮಾ. ಸಂತ್ಯಾಗ ಚೀಲ ನೋಡಿ ಮಂದಿ ಏನಂದಾರು?"

ನಿಜ. ಆ ಹೆಸರು ಅಲ್ಲಿಗೇ ಮುಗಿಯಿತು. ಅವತ್ತಿನಿಂದ ಪ್ರತಿ ಹೆಸರನ್ನೂ ಮೊದಲು ಜೋರಾಗಿ ಕೂಗಿ ನೋಡುತ್ತಿದ್ದೇನೆ. ಚೀಲದ ಹೆಸರು ಓದುವುದಕ್ಕಿಂತ ಕೇಳುವುದೇ ಜಾಸ್ತಿ. ಆದರೆ "ಕಣ" ಮಾತ್ರ ಎಲ್ಲರ ಮನಸ್ಸಿಗೂ ಹಿಡಿಸಿತ್ತು. ನಿಂಗವ್ವ ಅಕ್ಕ ಸುಮ್ನೆ ಅಂದರು, "ಹೊಸಕಣ ಅಂತ ಇಟ್ಟರ ಏನಾಕೈತಿ?"

```
HOSAKANA PRODUCER COMPANY LIMITED
```

33. ಒಂದೇ ಸಾಲಿನಲ್ಲಿ ಕೂತಿತು. ಹನ್ನೆರಡು ಜನರಿಗೆ ಫೋನ್ ಮಾಡಿ, ಹೆಸರು ಒಮ್ಮೆ ಹೇಳಿ, ಇಂಗ್ಲಿಷಿನಲ್ಲಿ ಬರೆದು ಕಳಿಸಿ ಅಂದೆ. ಹತ್ತು ಜನ ಸರಿಯಾಗಿ ಬರೆದರು. ಇಬ್ಬರು ನಡುವಿನ `A` ಬಿಟ್ಟಿದ್ದರು. ಸಮೃದ್ಧಿಗೆ ಇದೇ ಪರೀಕ್ಷೆ ಮಾಡಿದಾಗ ನಮ್ಮ ಕಾಗುಣಿತ ಬರೆದವರು ಮೂರೇ ಜನ. ಇಂಗ್ಲಿಷಿನಲ್ಲಿ ಓದಿದವರಿಗೆ ಣ ಹೋಗಿ ನ ಆಗುತ್ತದೆ. ಅದಕ್ಕೆ ನಾನು ತಲೆ ಕೆಡಿಸಿಕೊಂಡಿಲ್ಲ, ಕಾಗದದಲ್ಲಿ ಏನೂ ಬದಲಾಗುವುದಿಲ್ಲ.

ಗೋಣಿಯ ಮೇಲೆ "ಹೊಸಕಣ" ಚೊಕ್ಕವಾಗಿ ಬಂತು. "ಕ"ದ ಕೆಳಗಿನ ಸುತ್ತಿಗೆ ಚಾಚಾ ಎರಡು ಕೊಂಡಿ ಬಿಟ್ಟಿದ್ದಾರೆ, ಅಷ್ಟೇ. ಅದರ ಕೆಳಗೆ ಸಣ್ಣದಾಗಿ ಇಂಗ್ಲಿಷ್ ಹೆಸರು.

ನಾಲ್ಕನೇ ವಾರ

ಕಂಪನಿ ಇಲಾಖೆಯ ಜಾಲತಾಣದಲ್ಲಿ ಹೆಸರು ಹುಡುಕಿ ನೋಡಿದೆ, ದುಡ್ಡು ಬೇಕಿಲ್ಲ. ಬರೀ ಅದೇ ಕಾಗುಣಿತ ಹುಡುಕಿದರೆ ಸಾಲದು. ಉಚ್ಚಾರ ಒಂದೇ ಇದ್ದರೆ, ಪದ ಕೂಡಿಸಿ ಅಥವಾ ಬಿಡಿಸಿ ಬರೆದಿದ್ದರೆ, ಒಂದರ ಅನುವಾದ ಇನ್ನೊಂದಾಗಿದ್ದರೂ ಅದೇ ಹೆಸರು ಅಂತ ನಿಯಮ ಲೆಕ್ಕ ಹಾಕುತ್ತದೆ. ಹಾಗಾಗಿ `HOSKANA`, `HOSA KANA` ಎಲ್ಲವನ್ನೂ ನೋಡಿದೆ. ಟ್ರೇಡ್‌ಮಾರ್ಕ್ ತಾಣದಲ್ಲಿ 30ನೇ ವರ್ಗ ಹುಡುಕಿದೆ, ಮಸಾಲೆ ಪದಾರ್ಥ ಬರುವುದು ಅಲ್ಲೇ. ಅಲ್ಲಿ ಉಚ್ಚಾರದ ಮೇಲೆ ಹುಡುಕುವ ಸೌಲಭ್ಯವೂ ಇದೆ. ಅಡ್ಡ ಬರುವಂಥದ್ದು ಏನೂ ಕಾಣಲಿಲ್ಲ.

ಕಂಪನಿ ನೋಂದಣಿಗೆ ಹಾಕುವ ಅರ್ಜಿಗೆ ಸ್ಪೈಸ್ ಪ್ಲಸ್ ಅಂತ ಹೆಸರು. ಅದರ ಮೊದಲ ಭಾಗದಲ್ಲಿ ಎರಡು ಹೆಸರು ಕೊಡಬಹುದು, ಶುಲ್ಕ 1000 ರೂಪಾಯಿ. ಎರಡನೆಯದಾಗಿ "ಹೊಲಮನೆ" ಹಾಕಿದ್ದೇವೆ. ಅದೂ 33. ಕನ್ನಡದವರಿಗೆ ಬಹಳ ಆಪ್ತ ಮಾತು, ಆದರೆ ಹೊರಗಿನವರು ಕೊನೆಯ `MANE` ನೋಡಿ "ಮೇನ್" ಅಂತ ಓದುತ್ತಾರೆ. ಅದಕ್ಕೇ ಎರಡನೇ ಸ್ಥಾನ.

ಒಪ್ಪಿಗೆ ಬಂದರೆ ಆ ಶುಲ್ಕಕ್ಕೆ ಹೆಸರು ನಮಗಾಗಿ ಕಾದಿರುವುದು 20 ದಿನ, ಅಷ್ಟರಲ್ಲಿ ನೋಂದಣಿಯ ಕಾಗದ ಹಾಕಬೇಕು. ಪ್ಯಾನ್, ಬ್ಯಾಂಕ್ ಖಾತೆ, ರಫ್ತು ಮಾಡುವವರಿಗೆ ಬೇಕಾದ ಐಇಸಿ ಸಂಖ್ಯೆ, ಮಸಾಲೆ ಮಂಡಳಿಯ ನೋಂದಣಿ, ಎಲ್ಲದರಲ್ಲೂ ಇದೇ ಕಾಗುಣಿತ ಇರಬೇಕು. ಕಚೇರಿಯ ಬೋರ್ಡಿನಲ್ಲಿ ಕನ್ನಡ ಅಕ್ಷರದಲ್ಲೂ ಹೆಸರು ಇರಬೇಕು ಅನ್ನುವುದು ಕಂಪನಿ ಕಾಯಿದೆಯಲ್ಲೇ ಇದೆ. ಆ ಬೋರ್ಡಿಗೂ ಚಾಚಾನ ತಗಡಿನ ಅಕ್ಷರವೇ ಇರಲಿ ಅಂತ ಹೇಳಿದ್ದೇನೆ. ಶುಕ್ರವಾರ ಅರ್ಜಿ ಹೋಯಿತು. ಪರೀಕ್ಷೆಗೆ ಬಣ್ಣ ಹಾಕಿದ ಚೀಲ ನಮ್ಮ ಪಡಸಾಲೆಯ ಗೂಟಕ್ಕೆ ನೇತು ಹಾಕಿದ್ದೇನೆ.