ತಲೆ ಮೊದಲು ಎತ್ತ ಹೊರಟಿತು?

ಸೋಫಿಯಾದ ಬಸ್ ನಿಲ್ದಾಣದಲ್ಲಿ ಫಲಕಗಳೆಲ್ಲ ಸಿರಿಲಿಕ್ ಲಿಪಿಯಲ್ಲಿದ್ದವು. ಮೊದಲು ಸಿಕ್ಕ ಬಸ್ಸಿನ ಬಾಗಿಲಲ್ಲಿ ನಿಂತು, “ಪ್ಲೊವ್‌ಡಿವ್?” ಎಂದು ಕೇಳಿದೆ. ಚಾಲಕ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದ. ಅಕ್ಕ ಕೈಚೀಲ ಎತ್ತಿಕೊಂಡು ಪಕ್ಕದ ಬಸ್ಸಿನತ್ತ ನಡೆದೇಬಿಟ್ಟಳು. ಅಲ್ಲಿಯ ಚಾಲಕ ನಮ್ಮ ಪ್ರಶ್ನೆಗೆ ಗದ್ದವನ್ನು ಮೇಲೆತ್ತಿ ಇಳಿಸಿದ. ಹತ್ತಿ ಕುಳಿತೆವು. ಟಿಕೆಟ್ ನೋಡುವಾಗ ಅದೇ ಮನುಷ್ಯ ಬೆಚ್ಚಿದವನಂತೆ ನಮ್ಮಿಬ್ಬರನ್ನು ನೋಡಿ, ಕೆಳಗಿಳಿಸಿ, ಮೊದಲಿನ ಬಸ್ಸಿಗೇ ಕೈತೋರಿಸಿದ. ಇಲ್ಲ ಎಂದು ಅವನು ಆಗಲೇ ಸ್ಪಷ್ಟವಾಗಿ ಹೇಳಿದ್ದ.

ಬಲ್ಗೇರಿಯಾದಲ್ಲಿ ಹೌದು ಮತ್ತು ಇಲ್ಲಗಳ ತಲೆ ತಿರುವುಮುರುವು ಎಂದು ನಾನು ಓದಿಕೊಂಡೇ ಹೋಗಿದ್ದೆ. ಓದಿದ್ದು ತಲೆಯಲ್ಲಿಯೇ ಉಳಿಯಿತು; ಕಾಲು ಹಳೆಯ ಅಭ್ಯಾಸದಂತೆ ನಡೆಯಿತು. “ಹೂಂ ಎಂದನೋ, ಊಹೂಂ ಎಂದನೋ, ಅದನ್ನಾದರೂ ಸರಿಯಾಗಿ ನೋಡಬಾರದೇ?” ಎಂದು ಅಕ್ಕ ಗೊಣಗಿದಳು. ಸರಿಯಾಗಿ ನೋಡಬೇಕೆಂದು ಆಗಲೇ ತೀರ್ಮಾನಿಸಿದೆ. ಎರಡು ಗಂಟೆಯ ದಾರಿಯುದ್ದಕ್ಕೂ ಹೊರಗಿನ ಬೆಟ್ಟಗುಡ್ಡಗಳನ್ನು ಬಿಟ್ಟು ಮುಂದಿನ ಸೀಟಿನ ಇಬ್ಬರು ಹಿರಿಯರ ತಲೆಗಳನ್ನೇ ದಿಟ್ಟಿಸುತ್ತ ಕುಳಿತೆ.

ನೋಡುತ್ತ ಹೋದಂತೆ ಈ ‘ತಿರುವುಮುರುವು’ ಎಂಬ ಮಾತು ಅಷ್ಟು ಸರಿಯಲ್ಲವೆಂದು ತೋರಿತು. ನಮ್ಮ ಹೌದು ಕೆಳಮುಖವಾಗಿ ಹೊರಡುತ್ತದೆ: ಗದ್ದ ಎದೆಯತ್ತ ಇಳಿದು ಮತ್ತೆ ಮೇಲೇಳುತ್ತದೆ. ಬಲ್ಗೇರಿಯನ್ನರ ಇಲ್ಲ ಮೇಲ್ಮುಖವಾಗಿ ಹೊರಡುತ್ತದೆ. ತಲೆ ಹಿಂದಕ್ಕೆ ಚಿಮ್ಮುತ್ತದೆ, ಹುಬ್ಬೂ ಜೊತೆಗೇ ಏರುತ್ತದೆ, ಕೆಲವೊಮ್ಮೆ ಲೊಚ್ಚೆಂಬ ಸದ್ದೂ ಬರುತ್ತದೆ. ಆಮೇಲೆ ತಲೆ ತನ್ನ ಜಾಗಕ್ಕೆ ಇಳಿಯುತ್ತದೆ. ಒಂದೇ ಸಲ ಮಾಡಿದರೆ ಯಾರಿಗೂ ಗೊಂದಲವಾಗದು. ಒತ್ತಿ ಹೇಳಲು ಎರಡು ಮೂರು ಸಲ ಮಾಡಿದಾಗ, ಮೇಲೆ ಕೆಳಗೆ, ಮೇಲೆ ಕೆಳಗೆ ಎಂದು ಅದು ನಮ್ಮ ಹೌದಿನ ಹಾಗೆಯೇ ಕಾಣುತ್ತದೆ. ನಡುವೆ ಕಣ್ಣುಹಾಯಿಸಿದವನಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಮೊದಲ ಚಲನೆ ಎತ್ತ ಎಂಬುದನ್ನು ಹಿಡಿದವನಿಗೆ ಮಾತ್ರ ದಾರಿ ಸಿಗುತ್ತದೆ.

ಅವರ ‘ಹೌದು’ ಕೂಡ ನಮ್ಮ ‘ಇಲ್ಲ’ದಷ್ಟು ಬಿರುಸಲ್ಲ. ನಾವು ಬೇಡವೆನ್ನುವಾಗ ಕತ್ತು ಕಂಬದ ಸುತ್ತ ಸುತ್ತಿದಂತೆ ನೇರವಾಗಿ ತಿರುಗುತ್ತದೆ. ಅವರದು ತುಸು ಸಡಿಲ, ತೂಗಾಟದ ಧಾಟಿ. ಹೆಗಲತ್ತ ವಾಲುವ ನಮ್ಮ ಕಡೆಯ ‘ಆಗಲಿ, ಆಗಲಿ’ ಎಂಬ ತಲೆಗೆ ಹತ್ತಿರದ ನೆಂಟ. ಹಾಗಾಗಿ ನಾವು ಅಲ್ಲಿ ತಲೆ ತೂಗಿದಾಗೆಲ್ಲ ಅದು ಹೌದೆಂದೇ ಸಂದಾಯವಾಗುತ್ತಿತ್ತು. ಅಷ್ಟರಮಟ್ಟಿಗೆ ಐರೋಪ್ಯ ಪ್ರವಾಸಿಗರಿಗಿಂತ ನಾವು ಅದೃಷ್ಟವಂತರು. ಕನ್ನಡದಲ್ಲಿ ‘ತಲೆಯಾಡಿಸಿದರು’ ಎಂದಷ್ಟೇ ಬರೆದರೆ ಒಪ್ಪಿದರೋ ಬಿಟ್ಟರೋ ಗೊತ್ತಾಗುವುದಿಲ್ಲ ಎಂಬುದೂ ಅದೇ ಬಸ್ಸಿನಲ್ಲಿ ಹೊಳೆಯಿತು. ಒಪ್ಪುವುದಕ್ಕೇ ಹುಟ್ಟಿದ ಕೋಲೆ ಬಸವ ಒಂದೇ ನಮ್ಮಲ್ಲಿ ನಿಸ್ಸಂದಿಗ್ಧ.

ಪ್ಲೊವ್‌ಡಿವ್‌ನ ಹಳೆಯ ಊರಿನಲ್ಲಿ, ಮೇಲಂತಸ್ತು ಬೀದಿಯ ಮೇಲೆ ಚಾಚಿಕೊಂಡಿರುವ ಒಂದು ಮನೆಯಲ್ಲಿ ಎರಡು ದಿನ ಉಳಿದೆವು. ಮನೆಯೊಡತಿಗೆ ಎಪ್ಪತ್ತರ ಆಸುಪಾಸು. ಇಂಗ್ಲಿಷ್ ಅಷ್ಟಕ್ಕಷ್ಟೆ. ಅಷ್ಟು ಹೊತ್ತಿಗೆ ನಾನು ಪಳಗಿದ್ದೆ, ಅಥವಾ ಹಾಗೆಂದುಕೊಂಡಿದ್ದೆ. ಕಾಣುವುದನ್ನೆಲ್ಲ ತಲೆಕೆಳಗು ಮಾಡಿ ಓದುತ್ತಿದ್ದೆ. ಎರಡು ದಿನ ಎಲ್ಲವೂ ಸರಾಗವಾಗಿ ನಡೆಯಿತು. ಹೊರಡುವ ಬೆಳಿಗ್ಗೆ ಆಕೆ ಮಾರುಕಟ್ಟೆಗೆ ಹೊರಟು ನಿಂತಿದ್ದಾಗ ನಾನು ಕೇಳಿದೆ: “ಕೀಲಿಕೈಯನ್ನು ಒಳಗೆ ಮೇಜಿನ ಮೇಲಿಟ್ಟು ಬಾಗಿಲೆಳೆದುಕೊಂಡರೆ ಸಾಕೇ?” ಕೈಸನ್ನೆಯಲ್ಲೂ ತೋರಿಸಿದೆ. ಆಕೆ ಮುಗುಳ್ನಕ್ಕು ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಸಾಲದು, ಹಾಗೆ ಮಾಡಬೇಡಿ ಎಂದರೆಂದು ನಾನು ಓದಿಕೊಂಡೆ. ಹಾಗಾದರೆ ಬೀದಿಯ ಕೊನೆಯಲ್ಲಿರುವ ಅವರ ಮಗನಿಗೆ ಕೊಡಬೇಕೇನೋ ಎಂದು ಅತ್ತ ಹೋದರೆ ಆ ಮನೆಗೆ ಬೀಗ. ಕೀಲಿಕೈ ಜೇಬಿನಲ್ಲಿಟ್ಟುಕೊಂಡೇ ಬಸ್ ನಿಲ್ದಾಣಕ್ಕೆ ಬಂದೆವು. ಅಲ್ಲಿಗೆ ಮಗ ಏದುಸಿರು ಬಿಡುತ್ತ ಓಡಿ ಬಂದ. “ನಿಮಗೆ ಅರ್ಥವಾಗಲೆಂದು ಅಮ್ಮ ನಿಮ್ಮ ರೀತಿಯಲ್ಲೇ ತಲೆಯಾಡಿಸಿದ್ದರಂತೆ” ಎಂದ.

ಪ್ರವಾಸಿಗರು ಬಂದುಹೋಗುವ ಕಡೆಗಳಲ್ಲಿ ಅನೇಕ ಬಲ್ಗೇರಿಯನ್ನರಿಗೆ ಎರಡೂ ಬಗೆಗಳು ಗೊತ್ತು. ಎದುರಿಗಿರುವವರ ಅನುಕೂಲಕ್ಕೆ ಬದಲಾಯಿಸಿಕೊಳ್ಳುತ್ತಾರೆ. ಆಕೆ ನನಗಾಗಿ ಬದಲಾದರು, ನಾನು ಆಕೆಗಾಗಿ ಬದಲಾದೆ. ಇಬ್ಬರ ಸೌಜನ್ಯವೂ ಸೇರಿ ಕೀಲಿಕೈ ಊರು ಬಿಡುವುದರಲ್ಲಿತ್ತು.

ಈ ತೊಡಕು ನಮ್ಮದೇ ಮೊದಲೇನಲ್ಲ. 1877–78ರ ರಷ್ಯಾ–ತುರ್ಕಿ ಯುದ್ಧದಲ್ಲಿ ಬಲ್ಗೇರಿಯಾಕ್ಕೆ ಬಂದ ರಷ್ಯನ್ ಸೈನಿಕರಿಗೂ ಇದೇ ಆಗಿತ್ತೆಂದು ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ ಬರೆದಿದ್ದಾರೆ. ಹೌದು ಮತ್ತು ಇಲ್ಲಗಳ ತಲೆಯಾಟದ ಬಗ್ಗೆಯೇ ಅವರ ಒಂದು ಲೇಖನ 1972ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಸೈನಿಕರು ಸ್ಥಳೀಯರ ಸನ್ನೆಯನ್ನು ಕಲಿತುಕೊಂಡು ಬಳಸಲು ಹೊರಟರು. ಆಗ ಬಲ್ಗೇರಿಯನ್ನರಿಗೆ ಹೊಸ ತಲೆನೋವು ಶುರುವಾಯಿತು: ಈ ರಷ್ಯನ್ ಈಗ ತನ್ನ ಸನ್ನೆಯಲ್ಲಿ ಹೇಳುತ್ತಿದ್ದಾನೋ ನಮ್ಮದರಲ್ಲೋ? ಇಬ್ಬರೂ ತಮ್ಮ ತಮ್ಮ ರೂಢಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಒಂದು ವಾರದಲ್ಲಿ ಎಲ್ಲವೂ ಸರಿಹೋಗುತ್ತಿತ್ತು. ನಾನು ಆಮೇಲೆ ಬೇರೊಂದು ಉಪಾಯ ಹಿಡಿದೆ. ತಲೆಯನ್ನು ಅಲುಗಿಸದೆ ‘ದಾ’ ಎಂದರೆ ಹೌದು, ‘ನೆ’ ಎಂದರೆ ಇಲ್ಲ ಎಂದು ಬಾಯಲ್ಲೇ ಹೇಳುತ್ತಿದ್ದೆ. ಸಾಧ್ಯವಾದಲ್ಲೆಲ್ಲ ಹೌದು–ಇಲ್ಲ ಉತ್ತರ ಬೇಡುವ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. “ಕೀಲಿಕೈಯನ್ನು ಎಲ್ಲಿಡಲಿ?” ಎಂದು ಕೇಳಿದ್ದರೆ ಆಕೆ ಬೆರಳು ತೋರಿಸಿರುತ್ತಿದ್ದರು.

ಇಲ್ಲಿ ಹೀಗೇಕೆ ಎಂದು ಮಗನನ್ನು ಕೇಳಿದ್ದೆ. ಆ ಕಡೆ ಎಲ್ಲರಿಗೂ ಗೊತ್ತಿರುವ ಕಥೆಯನ್ನು ಹೇಳಿದ. ಆಟೊಮನ್ ಸೈನಿಕರು ಕುತ್ತಿಗೆಗೆ ಕತ್ತಿಯಿಟ್ಟು, ಮತ ಬಿಡುತ್ತೀಯಾ ಎಂದು ಕೇಳುತ್ತಿದ್ದರಂತೆ. ಹೌದೆನ್ನುವಂತೆ ತಲೆ ಬಾಗಿಸಿ ಕತ್ತಿಗೆ ತಾವೇ ಕೊರಳೊಡ್ಡಿದವರಿಂದ ಸನ್ನೆಯ ಅರ್ಥ ಮಗುಚಿತಂತೆ. ಕಥೆ ಚೆನ್ನಾಗಿದೆ, ನನಗೆ ನಂಬಿಕೆ ಬರಲಿಲ್ಲ. ತಲೆಯನ್ನು ಹಿಂದಕ್ಕೆಸೆದು ಇಲ್ಲವೆನ್ನುವುದು ತುರ್ಕರಲ್ಲೂ ಇದೆ, ಗ್ರೀಕರಲ್ಲೂ ಇದೆ. ಕತ್ತಿ ಹಿಡಿದವನೂ ಕೊರಳೊಡ್ಡಿದವನೂ ಒಂದೇ ಸನ್ನೆ ಬಳಸುವವರಾದರೆ ಕಥೆ ನಿಲ್ಲುವುದಿಲ್ಲ.

ಸನ್ನೆಯ ಮೈಯಲ್ಲೇ ಇರುವ ತರ್ಕವನ್ನು ಹುಡುಕುವವರ ಮಾತು ನನಗೆ ಹೆಚ್ಚು ಹಿಡಿಸಿತು. ತಲೆ ತಗ್ಗಿಸುವುದು ನಮಸ್ಕಾರದ, ತಲೆಬಾಗುವಿಕೆಯ ಕಿರಿದಾದ ರೂಪ. ಒಪ್ಪಿಗೆಗೆ ಅದು ಸಹಜ. ಅದಕ್ಕೆ ಎದುರಾದುದು ಯಾವುದು? ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಒಂದು ಉತ್ತರ. ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುವುದು ಇನ್ನೊಂದು. ಈ ಎರಡನೆಯದಕ್ಕೆ, ಹೊಟ್ಟೆ ತುಂಬಿದ ಮಗು ಮೊಲೆಯಿಂದ ಮುಖ ತಿರುಗಿಸಿಕೊಳ್ಳುವುದೇ ಮೂಲವಿರಬಹುದೆಂದು ಚಾರ್ಲ್ಸ್ ಡಾರ್ವಿನ್ 1872ರಲ್ಲೇ ಊಹಿಸಿದ್ದರು. ಒಂದು ಸಮುದಾಯ ಒಂದನ್ನು ಆರಿಸಿಕೊಂಡರೆ ಉಳಿದ ಚಲನೆ ಬೇರೆ ಕೆಲಸಕ್ಕೆ ಬಿಡುವಾಗಿರುತ್ತದೆ. ತುರ್ಕಿಯಲ್ಲಿ ತಲೆಯನ್ನು ಅಡ್ಡ ಆಡಿಸಿದರೆ ‘ನೀವು ಹೇಳಿದ್ದು ತಿಳಿಯಲಿಲ್ಲ’ ಎಂಬ ಅರ್ಥ ಬರುವುದುಂಟು. ಬಲ್ಗೇರಿಯನ್ನರಲ್ಲಿ ಅದೇ ಅಡ್ಡ ಚಲನೆ ಹೌದಾಯಿತು. ಕಿವಿಯನ್ನು ನಿಮ್ಮತ್ತ ತಿರುಗಿಸುವುದು, ಅಂದರೆ ನಮ್ಮ ಮಾತಿನಲ್ಲಿ ಕಿವಿಗೊಡುವುದು, ಒಪ್ಪಿಗೆಯಾಗಿ ಬೆಳೆದಿರಬಹುದು.

ಸೋಫಿಯಾಗೆ ಮರಳಿ ಥೆಸಲೋನಿಕಿಯ ಬಸ್ ಹಿಡಿದೆವು. ಸ್ಟ್ರೂಮಾ ನದಿಯ ಕಣಿವೆಯಲ್ಲಿ ಇಳಿದು ಕುಲಾತಾ ಗಡಿ ದಾಟಿದರೆ ಗ್ರೀಸ್; ಅಲ್ಲಿ ಅದೇ ನದಿಯ ಹೆಸರು ಸ್ಟ್ರಿಮೋನಾಸ್. ಗ್ರೀಕರ ಹೌದು ನಮ್ಮದರಂತೆಯೇ ಕೆಳಕ್ಕೆ ಬಾಗುತ್ತದೆ, ಕೆಲವೊಮ್ಮೆ ತುಸು ಓರೆಯಾಗಿ. ಇಲ್ಲ ಮಾತ್ರ ಮೇಲಕ್ಕೆ ಎಸೆತ. ಆಲಸ್ಯವಿದ್ದಾಗ ತಲೆಯೂ ಏಳುವುದಿಲ್ಲ. ಹುಬ್ಬು ಏರಿ, ಕಣ್ಣು ಅರೆ ಮುಚ್ಚಿ, ಲೊಚ್ಚೆಂದರೆ ಮುಗಿಯಿತು. ಹೋಟೆಲಿನಲ್ಲಿ ಕೋಣೆ ಸಿದ್ಧವಿದೆಯೇ ಎಂದು ಕೇಳಿದಾಗ ಸ್ವಾಗತಕಾರಿಣಿ ಹುಬ್ಬನ್ನಷ್ಟೇ ಎತ್ತಿದಳು. ತನ್ನ ಪ್ರಶ್ನೆ ಕೇಳಿಸಲಿಲ್ಲವೆಂದುಕೊಂಡ ಅಕ್ಕ ಮೂರು ಸಲ ಕೇಳಿದಳು, ಮೂರು ಸಲವೂ ಹುಬ್ಬೇರಿತು.

ಈ ಎಸೆತ ಬಹಳ ಹಳೆಯದು. ಪ್ರಾಚೀನ ಗ್ರೀಕ್‌ನಲ್ಲಿ ಒಪ್ಪುವುದಕ್ಕೆ ‘ಕಟನೇವೊ’, ಅಂದರೆ ತಲೆ ತಗ್ಗಿಸು; ನಿರಾಕರಿಸುವುದಕ್ಕೆ ‘ಅನನೇವೊ’, ತಲೆ ಮೇಲೆತ್ತು. ಇಲಿಯಡ್‌ನ ಆರನೆಯ ಸರ್ಗದಲ್ಲಿ ಟ್ರಾಯ್‌ನ ಹೆಂಗಸರು ಅಥೀನಾಳ ಗುಡಿಯಲ್ಲಿ ಬೇಡಿಕೊಂಡಾಗ ದೇವಿ ಆ ಬೇಡಿಕೆಯನ್ನು ತಳ್ಳಿಹಾಕಿದ್ದಕ್ಕೆ ಬಳಸಿರುವುದೂ ಈ ಎರಡನೆಯ ಪದವೇ. ಇಟಲಿಯಲ್ಲೂ ಇದರ ಗುರುತಿದೆ. ನೇಪಲ್ಸ್ ಮತ್ತು ಅದರ ದಕ್ಷಿಣದಲ್ಲಿ ತಲೆ ಮೇಲೆತ್ತಿ ಇಲ್ಲವೆನ್ನುತ್ತಾರೆ, ರೋಮ್‌ನಲ್ಲಿ ಅಡ್ಡ ಆಡಿಸುತ್ತಾರೆ. ಗೆರೆ ಆ ಎರಡು ಊರುಗಳ ನಡುವೆ ಎಲ್ಲೋ ಹಾದುಹೋಗುತ್ತದೆ. ದಕ್ಷಿಣ ಇಟಲಿಯ ಕರಾವಳಿಯಲ್ಲಿ ಎರಡೂವರೆ ಸಾವಿರ ವರ್ಷಗಳಿಗೂ ಹಿಂದೆ ಗ್ರೀಕರ ವಸಾಹತುಗಳಿದ್ದವು, ನೇಪಲ್ಸ್ ಅವುಗಳಲ್ಲೊಂದು. ಭಾಷೆ ಹೋಗಿ ಕತ್ತಿನ ಅಭ್ಯಾಸವಷ್ಟೇ ಉಳಿಯಿತೆಂಬ ವಾದಕ್ಕೆ ಇದೇ ಆಧಾರ. ಸಾಕ್ಷಿ ಸಾಲದೆನ್ನುವವರಿದ್ದಾರು, ನನಗಂತೂ ಕತ್ತಿ ಮತ್ತು ಕುತ್ತಿಗೆಯ ಕಥೆಗಿಂತ ಇದು ಗಟ್ಟಿ ಎನಿಸುತ್ತದೆ.

ಗ್ರೀಸ್‌ನಲ್ಲಿ ಕಿವಿಗೂ ಪರೀಕ್ಷೆಯಾಯಿತು. ಬಲ್ಗೇರಿಯನ್ನರ ‘ನೆ’ ಎಂದರೆ ಇಲ್ಲ. ಗ್ರೀಕರಲ್ಲಿ ಬಹುತೇಕ ಅದೇ ಉಚ್ಚಾರದ ‘ನೆ’ ಎಂದರೆ ಹೌದು. ವಾರವಿಡೀ ಬಾಯಲ್ಲೇ ಉತ್ತರಿಸಿ ಪಾರಾಗಿದ್ದ ನನ್ನ ಉಪಾಯ ಇಲ್ಲಿ ಕೈಕೊಟ್ಟಿತು. ಮೊದಲ ದಿನ ಬೇಡವೆಂದು ‘ನೆ’ ಎನ್ನುತ್ತ ಎರಡು ಸಲ ಬೇಕೆಂದು ಒಪ್ಪಿಕೊಂಡೆ.

ವಾಪಸು ಸೋಫಿಯಾಗೆ ಹೊರಟ ಬಸ್ಸಿನಲ್ಲಿ ಚಾಲಕನ ಹಿಂದಿನ ಸೀಟು ಸಿಕ್ಕಿತು. ಅವನು ಬಲ್ಗೇರಿಯನ್ನನೋ ಗ್ರೀಕನೋ ನಮಗೆ ತಿಳಿದಿರಲಿಲ್ಲ. ಹೊರಡುವ ಮುನ್ನ ಮೊಬೈಲ್ ಕಿವಿಗಿಟ್ಟುಕೊಂಡು ಯಾರ ಮಾತನ್ನೋ ಬಹಳ ಹೊತ್ತು ಕೇಳಿಸಿಕೊಂಡ. ಆಮೇಲೆ “ನೆ, ನೆ, ನೆ” ಎಂದ. ಯಾರಿಗೋ ಏನನ್ನೋ ಒಪ್ಪಿಕೊಂಡನೆಂದು ಅಕ್ಕ ನಿರ್ಧರಿಸಿದಳು. ನಾನು ಮೇಲಿನ ಕನ್ನಡಿಯಲ್ಲಿ ಅವನ ಮುಖ ನೋಡುತ್ತಿದ್ದೆ. ಎದುರಿಗೆ ಯಾರೂ ಇರಲಿಲ್ಲ, ಆದರೂ ಪ್ರತಿ ‘ನೆ’ಗೂ ಹುಬ್ಬು ಏರುತ್ತಿತ್ತು, ಗದ್ದ ಮೇಲಕ್ಕೆ ಚಿಮ್ಮುತ್ತಿತ್ತು. “ಒಪ್ಪಿಲ್ಲ ಅಕ್ಕ, ಇವನು ಬಲ್ಗೇರಿಯನ್” ಎಂದೆ.